ಮುಷ್ಟಿ ಬಿಟ್ಟ ಮೇಲಿನ ಮೂವತ್ತು ಸೆಕೆಂಡು

ನಾನು ಕಾಲೇಜೊಂದರಲ್ಲಿ ಆಪ್ತಸಮಾಲೋಚಕಿ. ಪರೀಕ್ಷೆಯ ಭಯದಿಂದ ಬರುವ ವಿದ್ಯಾರ್ಥಿಗಳಿಗೆ ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವುದನ್ನೂ ನಿಧಾನವಾಗಿ ಉಸಿರಾಡುವುದನ್ನೂ ಹಲವು ವರ್ಷಗಳಿಂದ ಹೇಳಿಕೊಡುತ್ತಿದ್ದೆನಾದರೂ, ಅದನ್ನು ಒಂದು ದಿನವೂ ತಪ್ಪಿಸದೆ ನಾನೇ ಅಭ್ಯಾಸ ಮಾಡಿದ್ದು ಅಮ್ಮನ ಶಸ್ತ್ರಚಿಕಿತ್ಸೆಯ ನಂತರದ ಮೂರು ತಿಂಗಳಲ್ಲಿ. ಆಗ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು, ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು, ಬೆಳಿಗ್ಗೆ ಏಳುವಾಗ ದವಡೆ ನೋಯುತ್ತಿತ್ತು. ವೈದ್ಯರು ಇಸಿಜಿ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಎರಡರಲ್ಲೂ ತೊಂದರೆಯಿಲ್ಲ ಎಂದು ಹೇಳಿದ ಮೇಲೆಯೇ ಅಭ್ಯಾಸಕ್ಕೆ ಕುಳಿತೆ. ಎದೆಬಡಿತಕ್ಕೆ ಬೇರೆ ಕಾರಣವಿದ್ದರೆ ಸಡಿಲಿಕೆಯ ಅಭ್ಯಾಸ ಅದನ್ನು ಮುಚ್ಚಿಡಬಹುದೇ ಹೊರತು ಗುಣಪಡಿಸುವುದಿಲ್ಲವಾದ್ದರಿಂದ ಈ ಕ್ರಮವನ್ನು ಯಾರೂ ಬದಲಿಸಬಾರದು.

ಸ್ನಾಯುಗಳನ್ನು ಬಿಗಿದು ಸಡಿಲಿಸುವ ಈ ವಿಧಾನವನ್ನು ರೂಪಿಸಿದವರು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್. ಇದರ ಬಗೆಗಿನ ಅವರ ಗ್ರಂಥ 1929ರಲ್ಲಿ ಪ್ರಕಟವಾಯಿತು. ಆತಂಕವಿರುವವರು ಸುಮ್ಮನೆ ಮಲಗಿದ್ದಾಗಲೂ ಅವರ ಸ್ನಾಯುಗಳಲ್ಲಿ ಅರಿವಿಗೆ ಬಾರದಷ್ಟು ಬಿಗಿತ ಉಳಿದಿರುತ್ತದೆ ಎಂಬುದನ್ನು ಅವರು ಗಮನಿಸಿದ್ದರು. ಅವರು ಒಂದೊಂದು ಸ್ನಾಯುವಿಗೆ ದಿನಗಟ್ಟಲೆ ಸಮಯ ಕೊಡುತ್ತಿದ್ದರು. ಅಷ್ಟು ದೀರ್ಘವಾದ ಶಿಕ್ಷಣವನ್ನು 1950ರ ದಶಕದಲ್ಲಿ ಮನೋವೈದ್ಯ ಜೋಸೆಫ್ ವೋಲ್ಪೆ ಕೆಲವೇ ಭೇಟಿಗಳಿಗೆ ಇಳಿಸಿದರು. ಈಗ ಬಳಕೆಯಲ್ಲಿರುವ ಹದಿನಾರು ಸ್ನಾಯುಗುಂಪುಗಳ ಕ್ರಮ ಆ ನಂತರ ಬಂದದ್ದು, ನಾನು ಅನುಸರಿಸಿದ್ದೂ ಅದನ್ನೇ.

ಸ್ನಾಯು ಸಡಿಲವಾದರೆ ಮನಸ್ಸಿನ ಉದ್ವೇಗ ಏಕೆ ಇಳಿಯಬೇಕು? ಮಿದುಳು ಸ್ನಾಯುಗಳಿಗೆ ಆಜ್ಞೆ ಕೊಡುವುದಷ್ಟೇ ಅಲ್ಲ, ಅವುಗಳಿಂದ ಸದಾ ವರದಿಯನ್ನೂ ಪಡೆಯುತ್ತಿರುತ್ತದೆ. ಪ್ರತಿ ಸ್ನಾಯುವಿನೊಳಗೂ ಅದು ಎಷ್ಟು ಎಳೆದಿದೆ ಎಂಬುದನ್ನು ಅಳೆಯುವ ಸೂಕ್ಷ್ಮ ಅಂಗಗಳಿವೆ. ಕುತ್ತಿಗೆ, ಭುಜ ಮತ್ತು ದವಡೆ ಬಿಗಿದುಕೊಂಡಿರುವಷ್ಟು ಹೊತ್ತು ‘ಏನೋ ನಡೆಯಲಿದೆ, ಸಿದ್ಧವಾಗಿರು’ ಎಂಬ ಅರ್ಥದ ವರದಿ ಮಿದುಳಿಗೆ ಹೋಗುತ್ತಲೇ ಇರುತ್ತದೆ, ಮಿದುಳು ಎಚ್ಚರವನ್ನು ಹಿಡಿದಿಟ್ಟು ಸ್ನಾಯುಗಳನ್ನು ಇನ್ನಷ್ಟು ಬಿಗಿಯುತ್ತದೆ. ‘ಸಮಾಧಾನ ಮಾಡಿಕೋ’ ಎಂಬ ಮಾತಿನಿಂದ ಈ ಸುತ್ತನ್ನು ಮುರಿಯುವುದು ಕಷ್ಟ, ಆದರೆ ಸ್ನಾಯುವಿನ ಕಡೆಯಿಂದ ಮುರಿಯಬಹುದು. ಬೇಕೆಂದೇ ಬಿಗಿದು ಬಿಡುವುದರ ಉದ್ದೇಶ, ಬಿಗಿತ ಹೇಗಿರುತ್ತದೆ ಮತ್ತು ಅದು ಇಲ್ಲದಿರುವುದು ಹೇಗಿರುತ್ತದೆ ಎಂಬ ವ್ಯತ್ಯಾಸವನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವುದು. ಚಿಕಿತ್ಸೆ ಇರುವುದು ಬಿಗಿಯುವುದರಲ್ಲಿ ಅಲ್ಲ, ಬಿಟ್ಟ ನಂತರದ ಗಮನಿಸುವಿಕೆಯಲ್ಲಿ. ಇದನ್ನು ತರಗತಿಯಲ್ಲಿ ನೂರು ಸಲ ಹೇಳಿದ್ದ ನನಗೆ ಅದರ ನಿಜವಾದ ಅರ್ಥವಾಗಲು ಎರಡು ವಾರ ಬೇಕಾಯಿತು.

ಸಂಜೆ ಆರೂವರೆಗೆ, ಅಮ್ಮನಿಗೆ ಔಷಧಿ ಕೊಟ್ಟ ಮೇಲೆ, ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ಕೌಶಲವನ್ನು ಎಚ್ಚರವಿರುವಾಗ ಕಲಿಯಬೇಕು, ನಿದ್ದೆಗೆ ಹಂಬಲಿಸುತ್ತಾ ಕಲಿಯಲು ಹೋದರೆ ‘ಇನ್ನೂ ನಿದ್ದೆ ಬರಲಿಲ್ಲವಲ್ಲ’ ಎಂಬುದೇ ಹೊಸ ಚಿಂತೆಯಾಗುತ್ತದೆ. ಮೊದಲು ಬಲಗೈ. ಮುಷ್ಟಿ ಕಟ್ಟಿ, ಮುಂದೋಳಿನಲ್ಲಿ ಎಳೆತ ತಿಳಿಯುವಷ್ಟು ಬಿಗಿದು, ಐದರಿಂದ ಏಳು ಸೆಕೆಂಡು ಹಿಡಿಯುತ್ತಿದ್ದೆ. ಆಮೇಲೆ ಮೆಲ್ಲಮೆಲ್ಲನೆ ಬಿಡಿಸುವ ಬದಲು, ಹಿಡಿದ ಹಗ್ಗವನ್ನು ಕೈಬಿಟ್ಟ ಹಾಗೆ ಒಮ್ಮೆಲೇ ಬಿಡುತ್ತಿದ್ದೆ. ನಂತರದ ಮೂವತ್ತು ನಲವತ್ತು ಸೆಕೆಂಡು ಮಾಡಬೇಕಾದ ಕೆಲಸ ಒಂದೇ: ಆ ಕೈಯಲ್ಲಿ ಏನಾಗುತ್ತಿದೆ ಎಂದು ನೋಡುತ್ತಿರುವುದು. ಬಿಸಿ, ಭಾರ, ಬೆರಳ ತುದಿಯಲ್ಲಿ ಮಿಡಿತ, ಇವುಗಳಲ್ಲಿ ಯಾವುದಾದರೂ ಬರಬಹುದು, ಬಾರದೆಯೂ ಇರಬಹುದು. ಒಂದು ಗುಂಪಿಗೆ ಹೀಗೆ ಎರಡು ಸಲ.

ಬಲಗೈಯ ನಂತರ ಬಲ ಮೇಲ್ದೋಳು, ಎಡಗೈ, ಎಡ ಮೇಲ್ದೋಳು. ಆಮೇಲೆ ಮುಖದ ಮೂರು ಭಾಗಗಳು, ಅಂದರೆ ಹುಬ್ಬೇರಿಸಿ ಹಣೆ, ಕಣ್ಣು ಬಿಗಿಯಾಗಿ ಮುಚ್ಚಿ ಕೆನ್ನೆಯ ಮೇಲ್ಭಾಗ ಮತ್ತು ಮೂಗು, ಹಲ್ಲು ಕಚ್ಚಿ ದವಡೆ. ಅಲ್ಲಿಂದ ಕುತ್ತಿಗೆ, ಭುಜದೊಂದಿಗೆ ಎದೆ ಮತ್ತು ಬೆನ್ನಿನ ಮೇಲ್ಭಾಗ, ಹೊಟ್ಟೆ. ಕೊನೆಗೆ ಬಲಗಾಲಿನ ತೊಡೆ, ಮೀನಖಂಡ, ಪಾದ, ಮತ್ತೆ ಎಡಗಾಲಿನ ಅವೇ ಮೂರು. ಎಲ್ಲ ಮುಗಿಯಲು ಇಪ್ಪತ್ತೈದು ನಿಮಿಷ ಹಿಡಿಯುತ್ತಿತ್ತು. ಕುತ್ತಿಗೆ ಅಥವಾ ಸೊಂಟದ ತೊಂದರೆ ಇರುವವರು ಆ ಗುಂಪನ್ನು ಬಿಗಿಯದೆ ಗಮನಿಸಿ ಮುಂದೆ ಸಾಗಿದರೆ ಸಾಕು.

ಮೊದಲ ವಾರ ನಾನು ಮಾಡಿದ ತಪ್ಪುಗಳನ್ನೇ ಮುಂದೆ ವಿದ್ಯಾರ್ಥಿಗಳಲ್ಲಿ ಬೇಗ ಗುರುತಿಸುವಂತಾಯಿತು. ಒಂದು, ಪೂರ್ಣ ಬಲ ಹಾಕಿ ಬಿಗಿಯುತ್ತಿದ್ದೆ. ಮರುದಿನ ಮುಂದೋಳು ನೋಯುತ್ತಿತ್ತು, ಬಿಟ್ಟಾಗ ನಡುಕ ಬರುತ್ತಿತ್ತು, ಆ ನಡುಕದ ಗದ್ದಲದಲ್ಲಿ ಸಡಿಲಿಕೆಯ ಅನುಭವವೇ ಮುಳುಗಿಹೋಗುತ್ತಿತ್ತು. ಅರ್ಧ ಬಲಕ್ಕೆ ಇಳಿಸಿದೆ, ದವಡೆಗೆ ಅದಕ್ಕಿಂತಲೂ ಕಡಿಮೆ, ಹಲ್ಲುಗಳು ತಾಗಿದ ಕ್ಷಣಕ್ಕೆ ನಿಲ್ಲುವಷ್ಟು. ಇನ್ನೊಂದು, ಬಿಗಿಯುವಾಗ ಉಸಿರನ್ನೂ ಹಿಡಿಯುತ್ತಿದ್ದೆ. ಹಾಗೆ ಮಾಡಿದರೆ ರಕ್ತದೊತ್ತಡ ಕ್ಷಣಕಾಲ ಏರುತ್ತದೆ, ಮುಖ ಬಿಸಿಯಾಗುತ್ತದೆ. ಎಣಿಕೆಯನ್ನು ಪಿಸುಮಾತಿನಲ್ಲಿ ಹೇಳಿಕೊಳ್ಳತೊಡಗಿದ ಮೇಲೆ ಅದು ತಾನಾಗಿ ನಿಂತಿತು, ಪಿಸುಗುಟ್ಟುವವರು ಉಸಿರು ಹಿಡಿಯಲಾರರು. ಮೀನಖಂಡಕ್ಕೆ ಬೆರಳುಗಳನ್ನು ಕೆಳಕ್ಕೆ ಚಾಚುತ್ತಿದ್ದೆ, ನಾಲ್ಕನೆಯ ದಿನ ಅಲ್ಲಿ ಸೆಳೆತ ಹಿಡಿದು ಎದ್ದು ಕುಂಟುವಂತಾಯಿತು. ಆ ಸ್ನಾಯು ಮೊದಲೇ ಗಿಡ್ಡವಾಗಿರುವ ಭಂಗಿಯಲ್ಲಿ ಮತ್ತಷ್ಟು ಕುಗ್ಗಿಸಿದರೆ ಸೆಳೆತ ಬರುವುದು ಸುಲಭ. ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದುಕೊಳ್ಳುವುದು ಸುರಕ್ಷಿತ.

ಐದನೆಯ ಸಂಜೆ ನಡೆದದ್ದು ಬೇರೆಯದೇ. ಕೈಕಾಲು ಭಾರವಾಗಿ, ಇನ್ನೇನು ದೇಹ ತೇಲುತ್ತದೆ ಎನ್ನುವಾಗ ಎದೆ ಒಮ್ಮೆಲೇ ಹಾರಿತು, ಕುರ್ಚಿಯಿಂದ ಬಿದ್ದೆನೇನೋ ಅನ್ನಿಸಿತು. ಸಡಿಲಿಕೆಯೇ ಆತಂಕವನ್ನು ತರುವುದುಂಟು. ತಿಂಗಳುಗಟ್ಟಲೆ ಕಾವಲು ಕಾದ ದೇಹಕ್ಕೆ ಕಾವಲು ಬಿಡುವುದೇ ಅಪಾಯವೆಂದು ತೋರುತ್ತದೆ. ಇದು ಅಭ್ಯಾಸ ತನಗೆ ಒಗ್ಗದು ಎಂಬುದರ ಸೂಚನೆಯಲ್ಲ. ಕಣ್ಣು ಅರ್ಧ ತೆರೆದು, ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಆ ದಿನ ಕೈಗಳಿಗೆ ಮಾತ್ರ ಸೀಮಿತಗೊಳಿಸಿದೆ. ಮುಂದಿನ ಮೂರು ದಿನವೂ ಕಣ್ಣು ತೆರೆದೇ ಮಾಡಿದೆ. ಆ ಬಗೆಯ ಗಾಬರಿ ಮತ್ತೆ ಎರಡು ಸಲ ಬಂದು, ಪ್ರತಿ ಸಲವೂ ಚಿಕ್ಕದಾಗಿ, ಆಮೇಲೆ ನಿಂತಿತು. ಆದರೆ ಹಳೆಯ ಆಘಾತದ ನೆನಪುಗಳು ನುಗ್ಗಿ ಬರುತ್ತಿದ್ದರೆ ಒಬ್ಬರೇ ಮುಂದುವರಿಸದೆ ಚಿಕಿತ್ಸಕರ ಎದುರಿಗೆ ಮಾಡುವುದೇ ಸರಿ.

ಎರಡನೆಯ ವಾರದಿಂದ ಉಸಿರಾಟವನ್ನು ಸೇರಿಸಿದೆ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತಿರುವ ವಪೆ ಎಂಬ ಸ್ನಾಯು ಕೆಳಗಿಳಿದಾಗ ಗಾಳಿ ಒಳಬರುತ್ತದೆ, ಹೊಟ್ಟೆ ಮುಂದಕ್ಕೆ ಉಬ್ಬುತ್ತದೆ. ಒಂದು ಕೈಯನ್ನು ಎದೆಯ ಮೇಲೂ ಇನ್ನೊಂದನ್ನು ಹೊಕ್ಕುಳ ಮೇಲೂ ಇಟ್ಟುಕೊಂಡಾಗ, ನನ್ನ ಮೇಲಿನ ಕೈಯೇ ಏರಿಳಿಯುತ್ತಿದ್ದುದು ಸ್ಪಷ್ಟವಾಗಿ ಕಂಡಿತು. ಗಡಿಯಾರ ನೋಡಿ ಎಣಿಸಿದರೆ ನಿಮಿಷಕ್ಕೆ ಹದಿನೇಳು ಉಸಿರು.

ನಾವು ಉಸಿರು ಒಳಗೆಳೆಯುವಾಗ ಹೃದಯ ಸ್ವಲ್ಪ ವೇಗವಾಗಿಯೂ ಬಿಡುವಾಗ ಸ್ವಲ್ಪ ನಿಧಾನವಾಗಿಯೂ ಬಡಿಯುತ್ತದೆ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರವು ಹೃದಯದ ವೇಗವನ್ನು ತಗ್ಗಿಸುವ ಕೆಲಸ ಹೆಚ್ಚುತ್ತದೆ, ಅದರ ಪರಿಣಾಮ ಒಂದೆರಡು ಬಡಿತಗಳಲ್ಲೇ ಕಾಣುತ್ತದೆ. ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿದರೆ ಹಲವರಿಗೆ ಇದು ತಿಳಿಯುತ್ತದೆ. ಇದಲ್ಲದೆ ಕುತ್ತಿಗೆಯ ಅಪಧಮನಿಗಳಲ್ಲಿ ಮತ್ತು ಮಹಾಪಧಮನಿಯಲ್ಲಿ ರಕ್ತದೊತ್ತಡವನ್ನು ಗ್ರಹಿಸಿ ಹೃದಯದ ವೇಗವನ್ನು ಹೊಂದಿಸುವ ವ್ಯವಸ್ಥೆಯೊಂದಿದೆ, ಅದರ ಸಹಜ ತೂಗಾಟಕ್ಕೆ ಸುಮಾರು ಹತ್ತು ಸೆಕೆಂಡು ಬೇಕು. ಉಸಿರಿನ ಸುತ್ತನ್ನೂ ಹತ್ತು ಸೆಕೆಂಡಿಗೆ, ಅಂದರೆ ನಿಮಿಷಕ್ಕೆ ಆರಕ್ಕೆ ತಂದರೆ, ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಂತಾಗಿ ಎರಡೂ ಒಂದಕ್ಕೊಂದು ಬಲ ಕೊಡುತ್ತವೆ. ಆರು ಎಂಬ ಸಂಖ್ಯೆ ಹೀಗೆ ಬಂದದ್ದು, ಅದು ಒಬ್ಬೊಬ್ಬರಲ್ಲಿ ತುಸು ಹೆಚ್ಚುಕಡಿಮೆ ಇರುತ್ತದೆ.

ಹದಿನೇಳರಿಂದ ಒಮ್ಮೆಗೇ ಆರಕ್ಕೆ ಇಳಿಯಲು ಹೋದ ದಿನ ಗಾಳಿ ಸಾಲದೆ ಚಡಪಡಿಸಿದೆ, ಆ ಕೊರತೆ ನೀಗಿಸಲು ಎದೆ ತುಂಬ ಎಳೆದುಕೊಂಡೆ. ಐದು ನಿಮಿಷದಲ್ಲಿ ತುಟಿಯ ಸುತ್ತ ಜುಮುಗುಟ್ಟಿತು, ತಲೆ ಹಗುರಾಯಿತು. ಆಮ್ಲಜನಕ ಕಡಿಮೆಯಾಗಿ ಹೀಗಾಗುತ್ತದೆ ಎಂದು ಜನ ಭಾವಿಸುವುದುಂಟು. ನಿಜವಾಗಿ ಅತಿಯಾದ ಗಾಳಿಯ ಜೊತೆ ಇಂಗಾಲದ ಡೈ ಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗಿ, ಮಿದುಳಿನ ರಕ್ತನಾಳಗಳು ಕಿರಿದಾಗಿರುತ್ತವೆ. ‘ಆಳವಾಗಿ ಉಸಿರಾಡಿ’ ಎಂಬ ಮಾತನ್ನು ನಾನು ಅಂದಿನಿಂದ ಯಾರಿಗೂ ಹೇಳಿಲ್ಲ. ‘ನಿಧಾನವಾಗಿ, ಚಿಕ್ಕದಾಗಿ, ಮೂಗಿನಿಂದ’ ಎನ್ನುತ್ತೇನೆ. ಜುಮುಗುಟ್ಟಿದರೆ ಉಸಿರಿನ ಗಾತ್ರವನ್ನು ತಗ್ಗಿಸಬೇಕು. ನಾನು ಎರಡೆರಡು ದಿನಕ್ಕೊಮ್ಮೆ ಹದಿನಾಲ್ಕು, ಹನ್ನೆರಡು, ಹತ್ತು, ಎಂಟು ಎಂದು ಇಳಿಯುತ್ತಾ ಆರಕ್ಕೆ ಬಂದೆ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ನಡುವೆ ತಡೆಹಿಡಿಯುವುದಿಲ್ಲ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ.

ಮೂರನೆಯ ವಾರದಲ್ಲಿ ಎರಡನ್ನೂ ಜೋಡಿಸಿದೆ: ಪ್ರತಿ ಸ್ನಾಯುವನ್ನು ಉಸಿರು ಬಿಡುವ ಆರಂಭಕ್ಕೆ ಸರಿಯಾಗಿ ಸಡಿಲಿಸಿ, ‘ಬಿಡು’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಅದೇ ವಾರದಲ್ಲಿ ಹದಿನಾರು ಗುಂಪುಗಳನ್ನು ಏಳಕ್ಕೆ, ಆಮೇಲೆ ನಾಲ್ಕಕ್ಕೆ (ಕೈಗಳು; ಮುಖ ಮತ್ತು ಕುತ್ತಿಗೆ; ಎದೆಯೊಂದಿಗೆ ಭುಜ, ಬೆನ್ನು ಮತ್ತು ಹೊಟ್ಟೆ; ಕಾಲುಗಳು) ಕೂಡಿಸಿದೆ. ಸುಮಾರು ಒಂದೂವರೆ ತಿಂಗಳಿಗೆ ಬಿಗಿಯುವ ಭಾಗವನ್ನೇ ಕೈಬಿಟ್ಟು, ಬಿಟ್ಟಾಗ ಹೇಗಿತ್ತು ಎಂಬುದನ್ನು ನೆನೆದು ಸಡಿಲಿಸಲು ಸಾಧ್ಯವಾಯಿತು. ಹಿಂದಿನ ಹಂತದ ವ್ಯತ್ಯಾಸ ಸ್ಪಷ್ಟವಾಗಿ ಅರಿವಿಗೆ ಬರುವ ಮೊದಲೇ ಕಡಿಮೆ ಮಾಡಿದರೆ ಉಳಿಯುವುದು ಖಾಲಿ ಎಣಿಕೆ ಮಾತ್ರ. ನಾನು ಏಳಕ್ಕೆ ಇಳಿದ ಮೇಲೆ ಭುಜದಲ್ಲಿ ಆ ವ್ಯತ್ಯಾಸ ಸಿಗದೆ ಎರಡು ದಿನ ಹದಿನಾರಕ್ಕೇ ಹಿಂತಿರುಗಿದ್ದೆ.

ರಾತ್ರಿಯ ಎಚ್ಚರ ಪೂರ್ಣವಾಗಿ ಹೋಗಲಿಲ್ಲ. ಎರಡನೆಯ ತಿಂಗಳ ಕೊನೆಯ ಹೊತ್ತಿಗೆ ಅದು ವಾರಕ್ಕೆ ಎರಡು ದಿನಕ್ಕೆ ಇಳಿದಿತ್ತು. ಎಚ್ಚರವಾದ ಕೂಡಲೇ ದವಡೆಯನ್ನು ಹುಡುಕುತ್ತಿದ್ದೆ, ಹಲ್ಲುಗಳು ಕಚ್ಚಿಕೊಂಡೇ ಇರುತ್ತಿದ್ದವು. ತುಟಿ ಮುಚ್ಚಿ, ಹಲ್ಲುಗಳ ನಡುವೆ ಅಂತರ ಬಿಟ್ಟು, ನಾಲಗೆಯನ್ನು ಸಡಿಲವಾಗಿಟ್ಟು, ನಾಲ್ಕು–ಆರರ ಲೆಕ್ಕದಲ್ಲಿ ಉಸಿರಾಡುತ್ತಿದ್ದರೆ ಎದೆಬಡಿತ ಕಿವಿಗೆ ಕೇಳಿಸುವುದು ನಿಲ್ಲುತ್ತಿತ್ತು. ಅಮ್ಮನ ವರದಿಗಳ ಚಿಂತೆ ಆಗಲೂ ಇರುತ್ತಿತ್ತು, ಅದರ ಕೆಳಗಿನ ದೇಹದ ಕೂಗು ಮಾತ್ರ ಇರುತ್ತಿರಲಿಲ್ಲ.

ಈ ಅಭ್ಯಾಸ ಕೂಡದ ಒಂದು ಸಂದರ್ಭವನ್ನು ವಿದ್ಯಾರ್ಥಿನಿಯೊಬ್ಬಳಿಂದ ಕಲಿತೆ. ರಕ್ತ ಕಂಡರೆ ತಲೆಸುತ್ತಿ ಬೀಳುವ ಅವಳು, ‘ಮೇಡಂ, ಸಡಿಲ ಮಾಡಿಕೊಂಡಷ್ಟೂ ಬೇಗ ಬೀಳ್ತೀನಿ’ ಎಂದಳು. ಅವಳ ಮಾತು ಸರಿಯಾಗಿತ್ತು. ಅಂಥವರಲ್ಲಿ ಮೊದಲು ಏರಿದ ರಕ್ತದೊತ್ತಡ ಥಟ್ಟನೆ ಕುಸಿಯುತ್ತದೆ, ಅವರಿಗೆ ಬೇಕಾದದ್ದು ಬಿಗಿತವೇ. ತೋಳು, ಎದೆ, ತೊಡೆಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿದು, ಪೂರ್ತಿ ಸಡಿಲಗೊಳಿಸದೆ ಸಹಜ ಸ್ಥಿತಿಗಷ್ಟೇ ತಂದು, ಮತ್ತೆ ಬಿಗಿಯುವ ವಿಧಾನವನ್ನು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ಬೆಳೆಸಿದರು. ಅವಳಿಗೆ ಅದನ್ನೇ ಕಲಿಸಿದೆ. ಮುಂದಿನ ತಿಂಗಳು ರಕ್ತಪರೀಕ್ಷೆ ಮಾಡಿಸಿಕೊಂಡು, ತೋಳಿಗೆ ಹತ್ತಿ ಅಂಟಿಸಿಕೊಂಡೇ ನನ್ನ ಕೊಠಡಿಗೆ ನಡೆದು ಬಂದಳು.