ಮೊದಲ ಕಾದಂಬರಿಗೆ ಹೆಸರಿಡೂದು ಹೆಂಗ? ಕಥಿ ವಾಸನಿ ಬರಬೇಕು, ಕೊನಿ ಗುಟ್ಟು ಬಿಡಬಾರದು

ಬಾಗಲಕೋಟಿ ನವನಗರದಾಗ ನನ್ನ ಗೆಳೆಯಾ ಒಬ್ಬ ಹೈಸ್ಕೂಲ್ ಮಾಸ್ತರ ಅದಾನ, ನಾಕು ವರ್ಷ ಕುಂತು ಮೊದಲನೇ ಕಾದಂಬರಿ ಬರದು ಮುಗಿಸಿದ, ಡಿಟಿಪಿ ಮಾಡವರು ಫೈಲಿಗೆ ಏನ್ ಹೆಸರು ಕೊಡ್ಲಿ ಸರ್ ಅಂದ್ರ "ಸದ್ಯಕ್ಕ ಕಾದಂಬರಿ 1 ಅಂತ ಇಡ್ರಿ" ಅಂದನಂತ. ಆ ಸದ್ಯಕ್ಕ ಅನ್ನೂದು ಐದು ತಿಂಗಳಾತು. ಆ ಐದು ತಿಂಗಳದಾಗ ನಾವಿಬ್ರೂ ಕೂಡಿ ಏನೇನು ಮಾಡಿದಿವಿ ಅನ್ನೂದನ್ನ ಇಲ್ಲಿ ಹೇಳತೀನಿ, ಮೊದಲ ಪುಸ್ತಕ ತರಾಕತ್ತವರಿಗೆ ಉಪಯೋಗ ಆಗಬಹುದು.

ಮೊದ್ಲ ಕಥಿ ಹೇಳಬೇಕು. ಆಲಮಟ್ಟಿ ಡ್ಯಾಮಿನ ಹಿನ್ನೀರು ಬರತೈತಿ ಅಂತ ಹಳೇ ಬಾಗಲಕೋಟಿಯ ಓಣಿ ಖಾಲಿ ಮಾಡಸೂ ಕಾಲ. ಒಂದು ಮನ್ಯಾಗ ಅಪ್ಪ ನಾ ಸತ್ರೂ ಮನಿ ಬಿಡಂಗಿಲ್ಲ ಅಂತ ಕುಂತಾನ, ಮಗಾ ಪರಿಹಾರ ತಗೊಂಡು ನವನಗರಕ್ಕ ಹೋಗೂಣು ಅಂತಾನ, ಇಡೀ ಓಣಿ ಮಗನ್ನ ಮನಿ ಮಾರಿದವಾ ಅಂತ ಬೈತೈತಿ. ಕಡೀ ಅಧ್ಯಾಯದಾಗ, ಅಪ್ಪ ಸತ್ತ ಮ್ಯಾಲ, ಮಗನ ಕೈಗೆ ಪಂಚನಾಮೆಯ ನಕಲು ಸಿಗತೈತಿ, ಅದರಾಗ ಅಪ್ಪಂದ ಸಹಿ ಇರತೈತಿ, ಅದೂ ಎಲ್ಲಾರಿಗಿಂತ ಮೊದಲ ಹಾಕಿದ್ದು. (ಕೊನಿ ಇಲ್ಲೇ ಹೇಳಿಬಿಟ್ಯಲ್ಲೋ ಅನ್ನಬ್ಯಾಡ್ರಿ, ಪರ್ಮಿಷನ್ ತಗೊಂಡs ಹೇಳಾಕತ್ತೀನಿ, ಯಾಕಂತ ಮುಂದ ಗೊತ್ತಾಗತೈತಿ.)

ಈಗ ಮೊದಲನೇ ಕೆಲಸ. ಕೊನಿಯನ್ನ ಒಂದs ಸಾಲಿನಾಗ ಬರೀರಿ: "ಮನಿ ಬಿಟ್ಟುಕೊಡಾಕ ಮೊದ್ಲ ಸಹಿ ಹಾಕಿದವಾ ಅಪ್ಪನs." ಈ ಸಾಲಿನಾಗ ತೂಕ ಹೊತ್ತಿರೂ ಶಬ್ದ ಯಾವು ನೋಡ್ರಿ, ಮೊದಲು, ಸಹಿ, ಅಪ್ಪ. ಇವು ಹೆಸರಿನಾಗ ಬರಂಗಿಲ್ಲ ಅಂತ ಬರದು ಗ್ವಾಡಿಗೆ ಅಂಟಸ್ರಿ. ನಮ್ಮ ಮಾಸ್ತರ ಇಟ್ಟಿದ್ದ ಮೊದಲನೇ ಹೆಸರು ಯಾವುದು ಗೊತ್ತೇನ್ರಿ, "ಅಪ್ಪನ ಸಹಿ"! ಕೇಳಾಕ ಭಾಳ ಚಂದ ಐತಿ, ಆದ್ರ ಓದವಾ ಮೊದಲನೇ ಪುಟದಿಂದ ಅಪ್ಪ ಯಾವಾಗ ಸಹಿ ಮಾಡತಾನ ಅಂತ ಕಾಯ್ಕೋತ ಕುಂದರತಾನ, ಅಪ್ಪ ಹಠ ಹಿಡಿಯೂ ಪ್ರಸಂಗ ಎಲ್ಲಾ ನಾಟಕ ಅನಸಾಕ ಶುರು ಆಗತೈತಿ. ಬರದವರಿಗೆ ಇದು ಕಾಣಂಗಿಲ್ಲ, ಯಾಕಂದ್ರ ಅವರ ತಲ್ಯಾಗ ಕಡೀ ಸೀನs ತಿರಗತಿರತೈತಿ, ಹೆಸರೂ ಅಲ್ಲಿಂದನs ಬರತೈತಿ.

ಅದಕ್ಕ ಎರಡನೇ ಕೆಲಸ, ಹೆಸರನ್ನ ಕಾದಂಬರಿಯ ಮೊದಲ ಮೂರನೇ ಒಂದು ಪಾಲಿನಾಗ ಹುಡಕ್ರಿ. ಅವನ ಪುಸ್ತಕ 300 ಪುಟ, ನಾವು ಮೊದಲ 100 ಪುಟ ಅಷ್ಟs ಮುಂದ ಇಟಗೊಂಡು ಪೆನ್ಸಿಲ್ ಹಿಡಕೊಂಡು ಕಣ್ಣಿಗೆ ಕಾಣೂ ಸಾಮಾನು, ಜನ ಮತ್ತ ಮತ್ತ ಆಡೂ ಮಾತು, ಜಾಗ ಎಲ್ಲಾ ಗುರುತು ಹಾಕಿದಿವಿ. ಹೊಸ್ತಿಲು, ಕಟ್ಟಿ, ಗ್ವಾಡಿ ಮ್ಯಾಲ ಬರದ ನಂಬರ್, ಪಂಚನಾಮೆ, ಜಂತಿ, ಹಿನ್ನೀರು, ಹಿಂಗ ಮೂವತ್ತರ ತನಕ ಆದುವು. ವಸ್ತುವಿನ ಹೆಸರು ಯಾಕ ಚಲೋ ಅಂದ್ರ, ಅದು ಮೊದಲನೇ ಪುಟದಾಗ ಬರೇ ವಸ್ತು, ಓದಿ ಮುಗಿಸಿದ ಮ್ಯಾಲ ಬ್ಯಾರೆ. ಶಿವರಾಮ ಕಾರಂತರ 1933ರ "ಚೋಮನ ದುಡಿ" ನೋಡ್ರಿ. ಚೋಮನ ಆಶಾ ಇರೂದು ಸ್ವಂತ ಬೇಸಾಯದ ಮ್ಯಾಲ, ಹೆಸರಿನಾಗ ಇರೂದು ಮಾತ್ರ ಅಂವ ಬಾರಸೂ ದುಡಿ. ಭೂಮಿ ಸಿಗತೈತೋ ಇಲ್ಲೋ ಅನ್ನೂದನ್ನ ಹೆಸರು ಬಾಯಿ ಬಿಡಂಗಿಲ್ಲ.

ಮೂರನೇದು ನಮ್ಮ ಭಾಷಾಕ್ಕ ಸಂಬಂಧಪಟ್ಟದ್ದು, ಇದರ ಮ್ಯಾಲ ಸ್ವಲ್ಪ ನಿಂದರತೀನಿ. ಕನ್ನಡದಾಗ ಕ್ರಿಯಾಪದದ ರೂಪನs ಕಥಿ ಹೇಳಿಬಿಡತೈತಿ. "ಮುಳುಗಿದ ಮನಿ" ಅಂದ್ರ ಮುಳುಗೂದು ಆಗಿಹೋಗೈತಿ, ಉಳಿಯೂದೋ ಇಲ್ಲೋ ಅನ್ನೂ ಪ್ರಶ್ನೆ ಸತ್ತಂಗ. "ಮುಳುಗುವ ಮನಿ" ಅಂದ್ರ ಸ್ವಲ್ಪ ಜೀವ ಐತಿ ಆದ್ರೂ ದಿಕ್ಕು ಗೊತ್ತಾತು. ಬಿಟ್ಟ, ಕಳದ, ಉಳಿದ, ಹೊಳ್ಳಿ ಬಂದ, ಕಡೀ, ಕೊನೆಯ, ಇಂಥವು ಹೆಸರಿನಾಗ ಬಂದ್ವು ಅಂದ್ರ ಎಚ್ಚರ ಆಗ್ರಿ, ಹತ್ತರಾಗ ಎಂಟು ಸರ್ತಿ ಕಡೀ ಅಧ್ಯಾಯ ಸೋರಿರತೈತಿ. ಕ್ರಿಯಾಪದ ಕಿತ್ತು ಬರೇ ನಾಮಪದ ಇಟ್ಟು ನೋಡ್ರಿ. ಹಂಗಂತ ಇದು ಕಾನೂನಲ್ಲ, ಕಾರಂತರದ್ದs "ಮರಳಿ ಮಣ್ಣಿಗೆ" ದಿಕ್ಕನ್ನ ಬಾಯಿಬಿಟ್ಟು ಹೇಳತೈತಿ, ಆದ್ರ ಅದು ಮೂರು ತಲಿಮಾರಿನ ಕಥಿ, ಓದವಂಗ ಬೇಕಾಗಿದ್ದು ಹೆಂಗ ಮರಳಿದ್ರು ಅನ್ನೂದು. ನಿಮ್ಮ ಕಾದಂಬರಿ ಒಂದು ಗುಟ್ಟಿನ ಮ್ಯಾಲ ನಿಂತಿದ್ರ ಆ ಧೈರ್ಯ ಬ್ಯಾಡ.

ಇನ್ನ ಆರಿಸೂದು. "ಹಿನ್ನೀರು" ಚಲೋ ಇತ್ತು, ಹಿಂದಿಂದು ಹೊಳ್ಳಿ ಬರೂ ಅರ್ಥ ಇತ್ತು, ಆದ್ರ ಮುಳುಗಡೆ ಕಥಿ ಬರಿಯವರಿಗೆಲ್ಲಾ ಮೊದ್ಲ ಹೊಳಿಯೂ ಶಬ್ದ ಅದು. ಮಾಸ್ತರ ಒಂದಿನ ಖುಷಿಲೆ ಫೋನ್ ಮಾಡಿ "519.60" ಅಂತ ಇಡೂಣೇನು ಅಂದ, ಅದು ಆಲಮಟ್ಟಿ ಜಲಾಶಯದ ಪೂರ್ತಿ ಮಟ್ಟ, ಮೀಟರ್ ಲೆಕ್ಕದಾಗ. ನಮ್ಮ ಕಡೆ ಮಂದಿಗೆ ಎದಿ ಝಲ್ ಅಂತೈತಿ, ಮೈಸೂರಿನಾಗ ಅದು ಪುಸ್ತಕದ ರೇಟು ಅನಸತೈತಿ ಅಂದೆ, ಸುಮ್ನಾದ.

ಉಳದದ್ದು "ಪಂಚನಾಮೆ". ಮನಿಯ ಸಾಮಾನು ಎಣಿಸಿ ಬರಿಯೂ ಕಾಗದ, ಜೊತಿಗೆ ಯಾರು ತಪ್ಪು ಮಾಡಿದ್ರು ಅನ್ನೂ ತನಿಖಿ ವಾಸನಿನೂ ಐತಿ, ಕಥಿಗೆ ಬರೋಬರಿ ಕೂಡತೈತಿ ಅಂತ ನಾನೂ ಒಪ್ಪಿದ್ದೆ. ಆಮ್ಯಾಲ ನಾಕನೇ ಕೆಲಸ ಮಾಡಿದಿವಿ, ಕಥಿ ಗೊತ್ತಿಲ್ಲದ ಆರು ಮಂದಿಗೆ ಹೆಸರು ಅಷ್ಟs ಹೇಳಿ ಎರಡು ಪ್ರಶ್ನೆ ಕೇಳೂದು: ಇದು ಯಾತರ ಕಥಿ ಇರಬಹುದು, ಕೊನಿಗೆ ಏನಾಗಬಹುದು. ಮೊದಲನೇದಕ್ಕ ಸುಮಾರು ಸಮೀಪ ಬರಬೇಕು, ಎರಡನೇದಕ್ಕ ಒಬ್ಬೊಬ್ಬರದು ಒಂದೊಂದು ದಾರಿ ಆಗಬೇಕು. ಎಲ್ಲಾರೂ ಒಂದs ಕೊನಿ ಹೇಳಿದ್ರ ಸೋರೈತಿ ಅಂತ, ಮೊದಲನೇದಕ್ಕs ಯಾರೂ ಬಾಯಿ ತಗೀದಿದ್ರ ಹೆಸರು ಮೂಕ ಐತಿ ಅಂತ. "ಪಂಚನಾಮೆ"ಗೆ ಆರರಾಗ ನಾಕು ಮಂದಿ "ಮರ್ಡರ್ ಕೇಸೇನ್ರಿ?" ಅಂದ್ರು. ಗುಟ್ಟು ಉಳೀತು ಖರೆ, ಆದ್ರ ತಪ್ಪು ಗಿರಾಕಿನ್ನ ಕರಿಯೂ ಹೆಸರು ಅದು, ಹೆಣ ಹುಡುಕ್ಕೋತ ಬಂದವಾ ಐವತ್ತನೇ ಪುಟಕ್ಕ ಪುಸ್ತಕ ಮುಚ್ಚತಾನ.

ಆದ್ರ ಕಾಗದ ಸರಿಯಿತ್ತು, ಹಂಗಾಗಿ ಕಾಗದದ ಹೆಸರು ಬಿಟ್ಟು ಕಾಗದದ ಒಳಗಿನ ಸಾಲು ಓದಿದಿವಿ. 60ನೇ ಪುಟದಾಗ ಸರ್ವೇಕ್ಕ ಬಂದವಾ ಜೋರಾಗಿ ಓದಕೋತ ಬರಕೊಂತಾನ: "ಏಳು ಜಂತಿ, ಮೂರು ಬಾಗಲಾ, ಒಂದು ಬೇವಿನ ಗಿಡ." ಅಲ್ಲಿಗೆ ಇಬ್ರೂ ಸುಮ್ನ ಕುಂತಿವಿ. "ಏಳು ಜಂತಿ"! ಎಣಿಕಿನೂ ಹೌದು, ಮನಿ ಬಿಟ್ಟು ಏಳು ಅಂದಂಗೂ ಹೌದು, ಮನಿ ಅನ್ನೂ ಶಬ್ದ ಇಲ್ಲದs ಮನಿ ಬಂತು. ಬ್ಯಾರೆ ಆರು ಮಂದಿಗೆ ಕೇಳಿದ್ರ ಐದು ಮಂದಿ ಹಳೇ ಮನಿ ಕಥಿ ಅಂದ್ರು, ಕೊನಿಗೆ ಮನಿ ಬೀಳತೈತಿ, ಪಾಲಾಗತೈತಿ, ಹೊಸಾದು ಕಟ್ಟತಾರ, ನಿಧಿ ಸಿಗತೈತಿ ಅಂತ ಮನಸಿಗೆ ಬಂದಂಗ ಹೇಳಿದ್ರು. ಸಹಿ ಅನ್ನೂದು ಯಾರ ಬಾಯಾಗೂ ಬರಲಿಲ್ಲ. ಆರನೇದವಾ ಮಾತ್ರ ಜಂತು ಹುಳದ್ದೇನ್ರಿ ಅಂದ, ಇರಲಿ ಬಿಡ್ರಿ.

ಕಡೀಕ ಎರಡು ಸಣ್ಣ ಕೆಲಸ. ಅದs ಹೆಸರಿನ ಪುಸ್ತಕ ಮೊದಲs ಬಂದೈತೇನು ಹುಡುಕಿ ನೋಡ್ರಿ, ಬರೇ ಹೆಸರಿಗೆ ಸಾಮಾನ್ಯವಾಗಿ ಕಾಪಿರೈಟ್ ಇರಂಗಿಲ್ಲ, ಆದ್ರ ಅಂಗಡ್ಯಾಗ ನಿಮ್ಮದು ಕೇಳಿದವಂಗ ಬ್ಯಾರೇದು ಕೊಡತಾರ. ಐಎಸ್‌ಬಿಎನ್ ಅರ್ಜಿಯೊಳಗ ಪುಸ್ತಕದ ಹೆಸರು ಬರೀಬೇಕಾಗತೈತಿ, ಅದಕ್ಕ ಹೆಸರು ಗಟ್ಟಿ ಆದ ಮ್ಯಾಲ ಅರ್ಜಿ ಹಾಕ್ರಿ. ಇನ್ನ ಹೆಸರು ಮುಚ್ಚಿಟ್ಟದ್ದನ್ನ ಮುಖಪುಟ ತಗದು ತೋರಿಸಬಾರದು. ನಮ್ಮ ಮಾಸ್ತರಗ ಮುಖಪುಟದ ಕಲಾವಿದರು ಕಳಿಸಿದ ಮೊದಲನೇ ಚಿತ್ರದಾಗ ನಡಬರಕ ಒಂದು ಮುದುಕನ ಕೈ, ಕೈಯಾಗ ಪೆನ್ನು!

ಆ ಚಿತ್ರ ವಾಪಸ್ ಕಳಿಸಿದಿವಿ, ಈಗ ಬರೇ ಜಂತಿಯ ನೆರಳು ಐತಿ. ಮತ್ತ ಕಥಿಯ ಕೊನಿ ಇಲ್ಲಿ ಹೇಳಾಕ ಪರ್ಮಿಷನ್ ಯಾಕ ಸಿಕ್ತು ಅಂದ್ರ, ಹೋದ ತಿಂಗಳು ಅಂವ ಕಡೀ ಅಧ್ಯಾಯ ಹರದು ಬ್ಯಾರೆ ಬರದಾನ, ಸಹಿ ಈಗ ಅಪ್ಪಂದಲ್ಲ. ಯಾರದು ಅಂತ ನನಗೂ ಹೇಳವಲ್ಲ. ಹೆಸರು ಮಾತ್ರ "ಏಳು ಜಂತಿ"ನs ಐತಿ, ಅದನ್ನ ಮುಟ್ಟೂ ಜರೂರ ಬೀಳಲಿಲ್ಲ.