ಮೊದಲ ವರ್ಷ 7.5%, ಆಮೇಲೆ? ಪುಣೆಯಲ್ಲಿ ಮನೆ ಸಾಲ ಮಾಡುವ ಮುಂಚೆ

ವಾಕಡ್, ಹಿಂಜವಡಿ ಕಡೆ ಫ್ಲ್ಯಾಟ್ ನೋಡಲು ಹೋದರೆ ಸೈಟ್ ಆಫೀಸಿನಲ್ಲೇ ಸಾಲದ ಏಜೆಂಟ್ ಕೂತಿರುತ್ತಾರೆ. ‘ಮೊದಲ ವರ್ಷ ಬರೀ 7.5%’ ಅಂತ ಪಾಂಪ್ಲೆಟ್ ಕೊಡುತ್ತಾರೆ. ಎರಡನೇ ವರ್ಷದಿಂದ ಎಷ್ಟು ಅನ್ನುವುದು ಅದರಲ್ಲೇ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ.

ಒಂದು ಲೆಕ್ಕ ನೋಡೋಣ. 50 ಲಕ್ಷ ಸಾಲ, 20 ವರ್ಷ. ಮೊದಲ ವರ್ಷ 7.5%, ಆಮೇಲೆ 9%. ಮೊದಲ ಕಂತು ಸುಮಾರು 40,280 ರೂಪಾಯಿ. ಪಕ್ಕದ ಬ್ಯಾಂಕು ಮೊದಲಿನಿಂದಲೂ 8.75% ಹೇಳುತ್ತದೆ, ಅಲ್ಲಿ ಕಂತು 44,186. ತಿಂಗಳಿಗೆ ನಾಲ್ಕು ಸಾವಿರ ಉಳಿಯುತ್ತದಲ್ಲ, ಯಾರಿಗೆ ಬೇಡ? ಆದರೆ 13ನೇ ತಿಂಗಳಿಂದ ಆಫರಿನ ಕಂತು 44,816ಕ್ಕೆ ಏರುತ್ತದೆ. ಮೊದಲ ವರ್ಷ ಉಳಿದದ್ದು ಸುಮಾರು 47 ಸಾವಿರ. ಉಳಿದ 19 ವರ್ಷ ತಿಂಗಳಿಗೆ 630 ರೂಪಾಯಿ ಜಾಸ್ತಿ ಕಟ್ಟಿ, ಸುಮಾರು 1.44 ಲಕ್ಷ ಹೋಯಿತು. ಒಟ್ಟಿನಲ್ಲಿ 97 ಸಾವಿರ ನಷ್ಟ.

ಇದು ಸಣ್ಣ ಪೆಟ್ಟು. ದೊಡ್ಡದು ಬೇರೆ ಇದೆ. ದರ ಏರಿದಾಗ ಎಷ್ಟೋ ಕಡೆ ಕಂತನ್ನು ಹಾಗೇ ಬಿಟ್ಟು ಅವಧಿಯನ್ನು ಎಳೆಯುತ್ತಾರೆ. ಖಾತೆಯಿಂದ ಅದೇ 40,280 ಹೋಗುತ್ತಿರುತ್ತದೆ, ನಮಗೆ ಏನೂ ಅನ್ನಿಸುವುದೇ ಇಲ್ಲ. ಆದರೆ ಒಳಗೆ ನೋಡಿ: ವರ್ಷದ ಕೊನೆಗೆ ಉಳಿದ ಅಸಲು ಸುಮಾರು 48.88 ಲಕ್ಷ. 9%ರಲ್ಲಿ ಅದರ ಒಂದು ತಿಂಗಳ ಬಡ್ಡಿಯೇ 36,659. ಅಂದರೆ ಅಸಲಿಗೆ ಸೇರುವುದು ಬರೀ 3,600 ಚಿಲ್ಲರೆ. ಮೊದಲ ತಿಂಗಳು ಇದೇ ಕಂತಿನಲ್ಲಿ 9,030 ಸೇರುತ್ತಿತ್ತು! ಹೀಗೆ ಹೋದರೆ 228 ತಿಂಗಳಲ್ಲಿ ಮುಗಿಯಬೇಕಾದ ಸಾಲ 323 ತಿಂಗಳು ಹಿಡಿಯುತ್ತದೆ. ಹತ್ತಿರಹತ್ತಿರ ಎಂಟು ವರ್ಷ ಜಾಸ್ತಿ. ಕಂತು ಏರಿಸಿ ಕಟ್ಟಿದ್ದಕ್ಕಿಂತ ಸುಮಾರು 27.7 ಲಕ್ಷ ಹೆಚ್ಚು ಹೋಗುತ್ತದೆ.

ನನ್ನ ಸಾಲದಲ್ಲೂ ಹೀಗೇ ಆಗಿತ್ತು. ಮೂರು ವರ್ಷ ಗೊತ್ತೇ ಆಗಲಿಲ್ಲ. ಸ್ಟೇಟ್‌ಮೆಂಟಿನಲ್ಲಿ ‘ಉಳಿದ ಕಂತುಗಳು’ ಅನ್ನುವ ಸಾಲನ್ನು ಒಂದು ದಿನ ಸುಮ್ನೆ ನೋಡಿದಾಗ ಬೆಚ್ಚಿಬಿದ್ದೆ. ಆ ಸಂಖ್ಯೆ ತಿಂಗಳಿಗೆ ಒಂದರಂತೆ ಇಳಿಯಬೇಕು. ಒಮ್ಮೆಗೇ ಏರಿದ್ದರೆ ಅವಧಿ ಎಳೆದಿದ್ದಾರೆ ಅಂತಲೇ ಅರ್ಥ.

ಆಗ ಶಾಖೆಗೆ ಹೋಗಿ ‘ಅವಧಿ ಹಳೆಯದೇ ಇರಲಿ, ಕಂತು ಏರಿಸಿ’ ಅಂತ ಬರೆದು ಕೊಡಿ. ಮಾರುಕಟ್ಟೆಯ ಜೊತೆ ಏರಿಳಿಯುವ ಫ್ಲೋಟಿಂಗ್ ದರ ಏರಿದಾಗ ಕಂತು ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ ಅನ್ನುವ ಆಯ್ಕೆ ಸಾಲಗಾರನಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲೇ ಹೇಳಿದೆ.

ಸಹಿ ಹಾಕುವ ಮುಂಚೆಯೇ ಕೇಳಬಹುದಾದ ಕಾಗದವೂ ಒಂದಿದೆ: ಸಾಲದ ಬಡ್ಡಿ, ಶುಲ್ಕ, ಷರತ್ತುಗಳನ್ನೆಲ್ಲ ಒಂದೇ ಕಡೆ ಹೇಳುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್. ಅದರ ಜೊತೆ ಬರುವ ಕಂತಿನ ಪಟ್ಟಿಯಲ್ಲಿ ಮೊದಲ ಸಾಲು ಬಿಟ್ಟು 13ನೇ ಸಾಲಿಗೆ ಬೆರಳಿಡಿ. ಅಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಅಂತ ಏಜೆಂಟರ ಬಾಯಿಂದಲೇ ಓದಿಸಿ.