ಇಪ್ಪತ್ತೆರಡರಿಂದ ಮೂರಕ್ಕೆ ಇಳಿದ ಹ್ಯಾಶ್‌ಟ್ಯಾಗ್

ಶಿರಸಿ ಸೀಮೆಯ ಅಡಿಕೆ ತೋಟದವನು ನಾನು. ಮೇ ತಿಂಗಳ ಕೊನೆಗೆ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ ಶುರುವಾದಾಗ ನಮ್ಮ ಕಣದಲ್ಲಿ ನಡೆಯುವ ಕೆಲಸವನ್ನೇ ಮೊಬೈಲ್ ನಿಲ್ಲಿಸಿ ಚಿತ್ರಿಸಿ, ಯೂಟ್ಯೂಬ್ ಶಾರ್ಟ್ಸ್‌ಗೆ ಹಾಕುತ್ತೇನೆ. ಅದನ್ನೇ ಇನ್‌ಸ್ಟಾಗ್ರಾಂ ರೀಲ್ ಆಗಿಯೂ ಹಾಕುವುದುಂಟು. ಹ್ಯಾಶ್‌ಟ್ಯಾಗ್ ವಿಷಯದಲ್ಲಿ ಪೆಟ್ಟು ತಿಂದದ್ದು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಒಂದು ವೀಡಿಯೊದಿಂದ.

ವೀಡಿಯೊ ಚೆನ್ನಾಗಿಯೇ ಇತ್ತು ಎಂದು ಈಗಲೂ ಹೇಳುತ್ತೇನೆ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಿ, ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೂಡಿಸಿದರೆ ಶೇಕಡಾ 1ರ ದ್ರಾವಣ. ಹದ ಸರಿಯಾಗಿದೆಯೇ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತೇವೆ. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ. ಆ ಕೆಂಪು ಮೂಡುವ ಗಳಿಗೆ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಸಿಕ್ಕಿತ್ತು. ಅಡಿಕೆಯವನು ಅದನ್ನು ನೋಡಿದರೆ ಬೆರಳು ನಿಲ್ಲಲೇಬೇಕು. ಆದರೆ ವೀಡಿಯೊ ನಾಲ್ಕು ನೂರು ವೀಕ್ಷಣೆಯ ಸುತ್ತಮುತ್ತ ಹೋಗಿ ಕೂತುಬಿಟ್ಟಿತು.

ಅದಕ್ಕೆ ನಾನು ಕೊಟ್ಟಿದ್ದ ಶೀರ್ಷಿಕೆ ಹೀಗಿತ್ತು:

```
ಬೋರ್ಡೋ ದ್ರಾವಣ ಮಾಡುವುದು #shorts #viral #trending #kannada #farming #reels #love
```

ಇದು ಸಾಲದು ಎಂಬಂತೆ ಕೆಳಗಿನ ವಿವರಣೆಯಲ್ಲಿ ಇನ್ನೂ ಹದಿನೈದು. ಎಲ್ಲವೂ ಸೇರಿ ಇಪ್ಪತ್ತೆರಡು. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ಪಟ್ಟಿಯೊಂದನ್ನು ನೋಟ್ಸ್‌ನಲ್ಲಿ ಇಟ್ಟುಕೊಂಡು, ದೀಪಾವಳಿಯ ಗೋಪೂಜೆಗೂ ಅಡಿಕೆ ಕೊನೆಯ ಕೊಯ್ಲಿಗೂ ಅದನ್ನೇ ಅಂಟಿಸುತ್ತಿದ್ದೆ. ರಜೆಗೆ ಬಂದಿದ್ದ ತಂಗಿಯ ಮಗಳು ನನ್ನ ಮೊಬೈಲ್ ತಿರುಗಿಸಿ ನೋಡಿ, "ಮಾವಾ, ಇಷ್ಟರಲ್ಲಿ ಅಡಿಕೆ ಎಲ್ಲಿದೆ?" ಎಂದು ಕೇಳಿದಳು. ಹುಡುಕಿದೆ. ನಿಜಕ್ಕೂ ಇರಲಿಲ್ಲ.

ಯೂಟ್ಯೂಬ್ ನನಗೆ ದಂಡ ಹಾಕಿರಬೇಕು ಎಂದು ಮೊದಲು ಅಂದುಕೊಂಡೆ. ನಿಯಮ ಓದಿದ ಮೇಲೆ ಹಾಗಲ್ಲ ಎಂದು ತಿಳಿಯಿತು. ಒಂದು ವೀಡಿಯೊಗೆ 60ಕ್ಕಿಂತ ಹೆಚ್ಚು ಹ್ಯಾಶ್‌ಟ್ಯಾಗ್ ಹಾಕಿದರೆ ಅದು ಒಂದನ್ನೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಅತಿಯಾಗಿ ತುಂಬಿದರೆ, ವಿಷಯಕ್ಕೆ ಸಂಬಂಧವಿಲ್ಲದ್ದನ್ನು ಹಾಕಿದರೆ ವೀಡಿಯೊವನ್ನೇ ಹುಡುಕಾಟದಿಂದ ತೆಗೆಯಬಹುದು ಎಂದೂ ಅಲ್ಲಿದೆ. ನನ್ನದು 22. ಮಿತಿಗೆ ಇನ್ನೂ ದೂರವಿತ್ತು. ನನ್ನ ನಷ್ಟಕ್ಕೆ ದಾರಿ ಬೇರೆಯೇ ಇತ್ತು.

ಮೊದಲನೆಯದು ಜಾಗದ ನಷ್ಟ. ಯೂಟ್ಯೂಬ್ ಶೀರ್ಷಿಕೆಗೆ ಇರುವುದು 100 ಅಕ್ಷರಗಳ ಮಿತಿ, ಮತ್ತು ಅದು ಕನ್ನಡವನ್ನು ನಮ್ಮಂತೆ ಎಣಿಸುವುದಿಲ್ಲ. ನಮಗೆ 'ದ್ರಾ' ಒಂದು ಅಕ್ಷರ, ಯಂತ್ರಕ್ಕೆ ನಾಲ್ಕು: ದಕಾರ, ಅದರ ವಿರಾಮ, ರಕಾರ, ದೀರ್ಘ. ನನ್ನ ಆ ಶೀರ್ಷಿಕೆಯಲ್ಲಿ ಒಟ್ಟು 78 ಎಣಿಕೆಯಿದ್ದು, ಕನ್ನಡಕ್ಕೆ ಸಿಕ್ಕಿದ್ದು 22 ಮಾತ್ರ. ಉಳಿದ 56 ಹ್ಯಾಶ್‌ಟ್ಯಾಗ್‌ಗಳ ಪಾಲು. ಶಾರ್ಟ್ಸ್ ಓಡುವಾಗ ಕೆಳಗೆ ಕಾಣುವುದು ಶೀರ್ಷಿಕೆಯ ಆರಂಭ ಮಾತ್ರ. ಕೊಳೆರೋಗ ಎಂಬ ಪದವಾಗಲೀ ಕತ್ತಿಯ ಪರೀಕ್ಷೆಯಾಗಲೀ ಎಲ್ಲೂ ಇಲ್ಲ. ನೋಡುವವನಿಗೆ ಇದು ತನಗಾಗಿ ಎಂದು ತಿಳಿಯುವ ಬಗೆಯೇ ಇರಲಿಲ್ಲ, ಹುಡುಕುವವನಿಗೆ ಸಿಗುವ ಬಗೆಯೂ ಇರಲಿಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಶಾರ್ಟ್ಸ್ ಓಟದಲ್ಲಿ, ಅಂದರೆ ಬೆರಳು ತಳ್ಳಿದಂತೆ ಒಂದರ ಹಿಂದೊಂದು ಬರುವ ಸಾಲಿನಲ್ಲಿ, ಹೊಸ ವೀಡಿಯೊ ಮೊದಲು ಸ್ವಲ್ಪ ಜನರ ಮುಂದೆ ಹೋಗುತ್ತದೆ. ಅವರಲ್ಲಿ ಎಷ್ಟು ಮಂದಿ ನಿಂತು ನೋಡಿದರು, ಎಷ್ಟು ಮಂದಿ ಬೆರಳಿನಿಂದ ತಳ್ಳಿ ಮುಂದೆ ಹೋದರು ಎನ್ನುವುದರ ಮೇಲೆ ಮುಂದಿನ ಪಯಣ. ಹ್ಯಾಶ್‌ಟ್ಯಾಗ್ ಇದರಲ್ಲಿ ದೊಡ್ಡ ಪಾತ್ರವೇನಲ್ಲ. ವೀಡಿಯೊ ಯಾವ ವಿಷಯದ್ದು ಎಂಬ ಅಂದಾಜಿಗೆ ಒಂದು ಸಣ್ಣ ಸುಳಿವು, ಅಷ್ಟೇ. ಆ ಸಣ್ಣ ಸುಳಿವನ್ನೂ ನಾನು ಇಪ್ಪತ್ತೆರಡು ದಿಕ್ಕಿಗೆ ಎಳೆದಿದ್ದೆ. ಪ್ರೀತಿ, ಟ್ರೆಂಡ್, ರೀಲ್ಸ್ ಎಂದು ಬರೆದ ಮೇಲೆ ಅದು ಯಾರ ಮುಂದೆ ಹೋದರೂ ದೂರುವಂತಿಲ್ಲ. ಮೈಲುತುತ್ತದ ನೀಲಿ ನೀರು ಕಂಡು ಇದೇನು ಬಣ್ಣವೋ ಎಂದುಕೊಂಡು ಮುಂದೆ ಹೋಗುವವರು ಮೊದಲ ಸರತಿಯಲ್ಲಿ ಹೆಚ್ಚಿದ್ದರೆ, ನಮ್ಮೂರಿನ ಮರ ಏರಿ ಕೊನೆ ಇಳಿಸುವ ಕೊನೆಗೌಡನವರೆಗೆ ಅದು ಬರುವುದೇ ಇಲ್ಲ.

ಯೂಟ್ಯೂಬ್ ಸ್ಟುಡಿಯೊದಲ್ಲಿ ಇದನ್ನು ನೋಡಲು ಎರಡು ಕಡೆ ಇವೆ. ನಿಂತು ನೋಡಿದವರು ಎಷ್ಟು, ತಳ್ಳಿದವರು ಎಷ್ಟು ಎಂಬ ಶೇಕಡಾವಾರು ಒಂದು. ನನ್ನ ವೀಡಿಯೊದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಳ್ಳಿದ್ದರು. ಇನ್ನೊಂದು, ವೀಕ್ಷಕರು ಯಾವ ದಾರಿಯಿಂದ ಬಂದರು ಎಂಬ ಪಟ್ಟಿ. ಅದರಲ್ಲಿ ಶಾರ್ಟ್ಸ್ ಓಟ, ಯೂಟ್ಯೂಬ್ ಹುಡುಕಾಟ, ಹ್ಯಾಶ್‌ಟ್ಯಾಗ್ ಪುಟಗಳು ಎಂದು ಬೇರೆಬೇರೆ ಸಾಲುಗಳಿರುತ್ತವೆ. ಇಪ್ಪತ್ತೆರಡು ಹ್ಯಾಶ್‌ಟ್ಯಾಗ್ ಕಟ್ಟಿದ್ದ ವೀಡಿಯೊಗೆ ಹ್ಯಾಶ್‌ಟ್ಯಾಗ್ ಪುಟಗಳಿಂದ ಬಂದವರನ್ನು ಒಂದು ಕೈಬೆರಳಿನಲ್ಲಿ ಎಣಿಸಬಹುದಿತ್ತು. ನಗು ಬಂತು. #viral ಒತ್ತಿದರೆ ಸಿಗುವ ಸಾಗರದಲ್ಲಿ ನನ್ನ ಡ್ರಮ್ಮನ್ನು ಯಾರು ಹುಡುಕಿಯಾರು?

ಆಮೇಲೆ ನಾನು ಮಾಡಿದ್ದು ಇಷ್ಟು. ಮುಂದಿನ ಎಂಟು ವೀಡಿಯೊಗಳನ್ನು ಒಂದೇ ಹೊತ್ತಿಗೆ, ಸಂಜೆ ಏಳರ ಸುಮಾರಿಗೆ ಹಾಕಿದೆ. ಎಲ್ಲವೂ ಔಷಧಿ, ಗೊಬ್ಬರ, ಕೊನೆಗಳ ಕುರಿತವು, ಎಲ್ಲವೂ 40 ಸೆಕೆಂಡಿನ ಆಸುಪಾಸು. ಒಂದಕ್ಕೆ ಹಳೆಯ ಪಟ್ಟಿ, ಮರುದಿನದ್ದಕ್ಕೆ ಮೂರೇ ಹ್ಯಾಶ್‌ಟ್ಯಾಗ್, ಹೀಗೆ ಒಂದು ಬಿಟ್ಟು ಒಂದು. ಎಂಟು ವೀಡಿಯೊ ಎಂದರೆ ಪ್ರಯೋಗವೂ ಅಲ್ಲ ಗಿಯೋಗವೂ ಅಲ್ಲ. ಒಂದು ವೀಡಿಯೊದ ಮೊದಲ ಎರಡು ಸೆಕೆಂಡು ಚೆನ್ನಾಗಿದ್ದರೆ ಸಾಕು, ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆದರೂ ನಾಲ್ಕು ಜೋಡಿಗಳಲ್ಲಿ ಮೂರರಲ್ಲಿ ಕಡಿಮೆ ಹ್ಯಾಶ್‌ಟ್ಯಾಗ್ ಇದ್ದದ್ದನ್ನೇ ಹೆಚ್ಚು ಮಂದಿ ನಿಂತು ನೋಡಿದ್ದರು. ಹುಡುಕಾಟದಿಂದ ಬಂದವರ ಸಾಲು ನಾಲ್ಕು ಜೋಡಿಗಳಲ್ಲೂ ಅಂಥದ್ದಕ್ಕೇ ದಪ್ಪವಾಗಿತ್ತು. ಉಳಿದ ಆ ಒಂದು ಜೋಡಿಯಲ್ಲಿ ಹಳೆಯ ಪಟ್ಟಿಯ ವೀಡಿಯೊ ಗೆದ್ದದ್ದು ಮರ ಏರುವ ಹುಡುಗನ ಚುರುಕಿನಿಂದ, ಹ್ಯಾಶ್‌ಟ್ಯಾಗಿನಿಂದಲ್ಲ.

ಹೋಲಿಸುವವರಿಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. 2025ರ ಮಾರ್ಚ್ 31ರಿಂದ ಶಾರ್ಟ್ಸ್‌ನಲ್ಲಿ ವೀಡಿಯೊ ಓಡಲು ಶುರುವಾದರೆ ಸಾಕು, ಒಂದು ವೀಕ್ಷಣೆ ಎಂದು ಎಣಿಕೆಯಾಗುತ್ತದೆ. ಮೊದಲಿನ ರೀತಿಯ ಎಣಿಕೆ ಸ್ಟುಡಿಯೊದಲ್ಲಿ ಬೇರೆ ಸಾಲಾಗಿ ಉಳಿದಿದೆ. ಹಾಗಾಗಿ ಅದಕ್ಕೂ ಹಿಂದಿನ ವೀಡಿಯೊದ ವೀಕ್ಷಣೆಯನ್ನು ಈಗಿನದರ ಪಕ್ಕ ಇಟ್ಟು, ಹ್ಯಾಶ್‌ಟ್ಯಾಗ್ ಬದಲಿಸಿದ್ದರಿಂದ ದುಪ್ಪಟ್ಟಾಯಿತು ಎಂದು ಹಿಗ್ಗಬಾರದು. ನಾನು ಒಂದು ವಾರ ಹಿಗ್ಗಿದ್ದೆ.

ಮೂರೇ ಏಕೆ ಎಂದರೆ, ವಿವರಣೆಯಲ್ಲಿ ಎಷ್ಟೇ ಬರೆದರೂ ಯೂಟ್ಯೂಬ್ ಶೀರ್ಷಿಕೆಯ ಬಳಿ ಎತ್ತಿ ತೋರಿಸುವುದು ಹೆಚ್ಚೆಂದರೆ ಮೂರನ್ನು. ಅದಕ್ಕಿಂತ ಮುಖ್ಯವಾಗಿ, ನಾಲ್ಕನೆಯದನ್ನು ಯೋಚಿಸಲು ಕೂತರೆ ನನಗೆ ಹೊಳೆಯುವುದು ಯಾವಾಗಲೂ ಸುಳ್ಳೇ. ನನ್ನ ಮೂರರಲ್ಲಿ ಒಂದು ಬೆಳೆಯ ಹೆಸರು, ಒಂದು ಆ ದಿನದ ವಿಷಯ, ಒಂದು ಇಂಗ್ಲಿಷ್ ಲಿಪಿಯದು. ನಮ್ಮವರಲ್ಲಿ ಬಹಳಷ್ಟು ಜನ ಕನ್ನಡದ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಹುಡುಕುತ್ತಾರೆ. ಅವರಿಗಾಗಿ adike kole roga ಎಂಬುದನ್ನು ವಿವರಣೆಯ ವಾಕ್ಯದೊಳಗೇ ಸೇರಿಸುತ್ತೇನೆ, ಹ್ಯಾಶ್ ಗುರುತಿಲ್ಲದೆ. ಅದು ಕೆಲಸ ಮಾಡುವುದು ಹುಡುಕಾಟದಲ್ಲಿ.

ಹಾಕುವ ಮುನ್ನ ಪ್ರತಿಯೊಂದನ್ನೂ ಒಮ್ಮೆ ಒತ್ತಿ ಏನು ತೆರೆಯುತ್ತದೆ ಎಂದು ನೋಡುತ್ತೇನೆ. ಕರಾವಳಿಯವರು ಕೊಳೆರೋಗಕ್ಕೆ ಮಹಾಳಿ ಎನ್ನುತ್ತಾರೆ ಎಂದು #mahali ಹಾಕಲು ಹೊರಟಿದ್ದೆ. ಒತ್ತಿದರೆ ಅಡಿಕೆಯ ಸುಳಿವೇ ಇಲ್ಲ, ಯಾವುದೋ ನಾಡಿನ ಹಾಡು, ಕುಣಿತ. ಕನ್ನಡ ಲಿಪಿಯ #ಮಹಾಳಿ ಸರಿಯಿತ್ತು. ಇನ್ನೊಂದು, ನಡುವೆ ಜಾಗ ಬಿಟ್ಟರೆ ಹ್ಯಾಶ್‌ಟ್ಯಾಗ್ ಅಲ್ಲಿಗೇ ಮುಗಿಯುತ್ತದೆ. #ಬೋರ್ಡೋ ದ್ರಾವಣ ಎಂದು ಬರೆದರೆ ನೀಲಿಯಾಗುವುದು ಬೋರ್ಡೋ ಮಾತ್ರ. ಸಣ್ಣ ಗೀಟು ಹಾಕಿದರೂ ಅದೇ ಗತಿ. #shorts ಬರೆಯುವುದನ್ನು ಪೂರ್ತಿ ಬಿಟ್ಟಿದ್ದೇನೆ. ಮೊಬೈಲ್ ನೆಟ್ಟಗೆ ಹಿಡಿದು ತೆಗೆದ, ಮೂರು ನಿಮಿಷದೊಳಗಿನ ವೀಡಿಯೊವನ್ನು ಯೂಟ್ಯೂಬ್ ತಾನೇ ಶಾರ್ಟ್ಸ್ ಎಂದು ಗುರುತಿಸಿಕೊಳ್ಳುತ್ತದೆ.

ಇನ್‌ಸ್ಟಾಗ್ರಾಂನ ಕತೆ ಚಿಕ್ಕದು. ಅಲ್ಲಿ ಮೊದಲು 30ರವರೆಗೆ ಬಿಡುತ್ತಿದ್ದರು, ನಾನೂ 30 ತುಂಬುತ್ತಿದ್ದೆ. 2021ರಲ್ಲೇ ಅವರು 3ರಿಂದ 5 ಸಾಕು ಎಂದು ಹೇಳಿದ್ದರು, ನಾವು ಕೇಳಲಿಲ್ಲ. 2025ರ ಡಿಸೆಂಬರಿನಲ್ಲಿ ಐದಕ್ಕೇ ಮಿತಿ ಹಾಕಿದರು. ಹ್ಯಾಶ್‌ಟ್ಯಾಗನ್ನು ಅನುಸರಿಸುವ ಸೌಲಭ್ಯ ಅದಕ್ಕೂ ಒಂದು ವರ್ಷ ಮೊದಲೇ ಹೋಗಿತ್ತು. ಆದ್ದರಿಂದ ರೀಲ್‌ಗೂ ಅದೇ ಮೂರು, ಕೆಲವೊಮ್ಮೆ ಊರಿನ ಹೆಸರು ಸೇರಿ ನಾಲ್ಕು.

ಹಳೆಯ ಬೋರ್ಡೋ ವೀಡಿಯೊವನ್ನು ಅಳಿಸಿ ಮತ್ತೆ ಹಾಕುವ ಮನಸ್ಸಾಗಿತ್ತು, ಹಾಕಲಿಲ್ಲ. ಶೀರ್ಷಿಕೆ ಮತ್ತು ಹ್ಯಾಶ್‌ಟ್ಯಾಗ್ ಮಾತ್ರ ತಿದ್ದಿದೆ:

```
ಬೋರ್ಡೋ ದ್ರಾವಣ ಹದವಾಗಿದೆಯೇ? ಕತ್ತಿ ಅದ್ದಿ ನೋಡಿ
#ಅಡಿಕೆ #ಕೊಳೆರೋಗ #arecanut
```

ಶಾರ್ಟ್ಸ್ ಓಟದಲ್ಲಿ ಅದು ಮತ್ತೆ ಜೀವ ಹಿಡಿಯಲಿಲ್ಲ. ತಣ್ಣಗಾದ ವೀಡಿಯೊವನ್ನು ಹ್ಯಾಶ್‌ಟ್ಯಾಗ್ ತಿದ್ದಿ ಎಬ್ಬಿಸಲು ನನ್ನಿಂದಂತೂ ಆಗಿಲ್ಲ. ಆದರೆ ಹುಡುಕಾಟದ ದಾರಿ ತೆರೆಯಿತು. ದಿನಕ್ಕೆ ನಾಲ್ಕಾರು ಮಂದಿ, ಮಳೆ ಹತ್ತಿರವಾದಂತೆ ಹತ್ತು ಹದಿನೈದು ಮಂದಿ ಬರತೊಡಗಿದರು. ಕಳೆದ ಸಲ ಎರಡನೆಯ ಸಿಂಪರಣೆಯ ಹೊತ್ತಿಗೆ ಪುತ್ತೂರು ಕಡೆಯವರೊಬ್ಬರು, "ಅಣ್ಣಾ, ಇದು ಮಹಾಳಿಗೂ ಆಗುತ್ತದೆಯೇ?" ಎಂದು ಕೇಳಿದ್ದರು. ಎರಡೂ ಒಂದೇ ಎಂದು ಉತ್ತರ ಬರೆದು, #arecanut ತೆಗೆದು ಆ ಜಾಗಕ್ಕೆ #ಮಹಾಳಿ ಹಾಕಿದೆ. ಎಣಿಕೆ ಮೂರೇ ಉಳಿಯಿತು.